ಅಜ್ಜಿಯ ‘ಹೂಂ’

ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆ ಕಂಡ ಅಜ್ಜಿಯೊಬ್ಬರನ್ನು ಕೆಲವು ವರ್ಷಗಳ ಹಿಂದೆ ಮಾತನಾಡಿಸಿದ್ದೆ. ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ದೇವಿಯ ಗುಡ್ಡಕ್ಕೆ ಹೋಗುವ ಹರಕೆ ಅಲ್ಲಿತ್ತು. 1986ರ ಮಾರ್ಚ್‌ನಲ್ಲಿ ಅದನ್ನು ತಡೆಯಲು ಹೋದ ಕಾರ್ಯಕರ್ತರು, ಪೊಲೀಸರ ಮೇಲೆ ಜನ ತಿರುಗಿಬಿದ್ದು ಅವರ ಬಟ್ಟೆಯನ್ನೇ ಕಿತ್ತರು. ಬಳಿಕ ಸರಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಇದರ ಸುತ್ತ ಒಂದು ಕಥೆ ಬರೆಯುವ ಆಸೆ ನನಗೆ. ಟೇಪ್ ಕೇಳಿ ಮಾತನ್ನೆಲ್ಲ ಹಾಳೆಗಿಳಿಸಿದೆ. ‘ಹೆಂಗಸರನ್ನು ಬಲವಂತ ಮಾಡುತ್ತಿದ್ದರು ಎಂದು ಅಜ್ಜಿ ಹೇಳಿದರು’ ಎಂದು ಟಿಪ್ಪಣಿ ಮಾಡಿಕೊಂಡು ಕಥೆ ಶುರುಮಾಡಿದೆ.

ಅರ್ಧಕ್ಕೆ ಬಂದಾಗ ಯಾಕೋ ಹಾಳೆ ತೆರೆದೆ. ಅಲ್ಲಿದ್ದುದು ಇಷ್ಟು:

“ಬಲವಂತ ಮಾಡುತ್ತಿದ್ದರು, ಅಲ್ಲವೇ ಅಜ್ಜಿ?”

“ಹೂಂ... ಹರಕೆ ಅಂದ್ಮೇಲೆ ತೀರಿಸ್ಬೇಕಲ್ಲ ತಂಗಿ. ಒಬ್ಬಳು ಒಲ್ಲೆ ಅಂದ್ಳಂತೆ, ಅತ್ತೆ ಬಿಡ್ಲಿಲ್ವಂತೆ. ನಾವು ಹೊಳೆ ಹತ್ರಾನೇ ಇದ್ವಿ. ಅವ್ರು ಓಡಿದ್ರು.”

‘ಬಲವಂತ’ ನನ್ನ ಮಾತು. ಪ್ರಶ್ನೆಯನ್ನು ಅಂಗೈಯಿಂದ ಮುಚ್ಚಿ ಓದಿದರೆ ಆ ಪದ ಎಲ್ಲೂ ಇಲ್ಲ. ಅಜ್ಜಿ ‘ಹೂಂ’ ಅಂದಿದ್ದಾರಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ಹೋದೆ. ಹಿಂದಿನ ಹಾಳೆ ತಿರುವಿದರೆ, “ಮಕ್ಕಳೆಷ್ಟು?” ಎಂದಾಗಲೂ ಅವರು ಮೊದಲು ‘ಹೂಂ’ ಎಂದೇ ಮಾತು ತೆಗೆದಿದ್ದರು. ಕೇಳಿಸಿತು ಎಂಬುದಕ್ಕೆ ಅವರ ‘ಹೂಂ’, ಒಪ್ಪಿದೆ ಎಂಬುದಕ್ಕಲ್ಲ.

ಹಾಗಾದರೆ ಅವರು ಹೇಳಿದ್ದೇನು? ಹರಕೆ ತೀರಿಸಬೇಕೆಂಬುದು ನಂಬಿಕೆ, ನಡೆದ ಸಂಗತಿಯಲ್ಲ. ಒಲ್ಲೆ ಎಂದವಳ ವಿಷಯಕ್ಕೆ ‘ಅಂತೆ’ ಅಂಟಿದೆ, ಅಂದರೆ ಕೇಳಿದ್ದು. (ನಮ್ಮ ಮನೆಯ ದಖನಿಯಲ್ಲಿ ಈ ‘ಅಂತೆ’ಯ ಕೆಲಸವನ್ನು ‘ಕತೆ’ ಎಂಬ ಪದ ಮಾಡುತ್ತದೆ. ಕಥೆ ಬರೆಯುವವಳಿಗೆ ಇದು ಮೊದಲೇ ಹೊಳೆಯಬೇಕಿತ್ತು!) ಅಜ್ಜಿ ಕಣ್ಣಾರೆ ಕಂಡದ್ದು ಕೊನೆಯ ಎರಡು ವಾಕ್ಯ ಮಾತ್ರ. ನಾನು ಕಥೆ ಕಟ್ಟಿದ್ದು ‘ಅಂತೆ’ಯ ಮೇಲೆ.

ಆ ಎರಡು ವಾಕ್ಯಗಳ ನಡುವೆ ‘ನಾವು’ ಹೋಗಿ ‘ಅವ್ರು’ ಬಂದಿದ್ದಾರೆ. ದೇವಿಗೆ ಉಡಿ ತುಂಬುವುದನ್ನು ಹೇಳುವಾಗ ಮೊದಲಿನಿಂದ ಕೊನೆಯವರೆಗೆ ‘ನಾವು’ ಎಂದವರು ಇಲ್ಲಿ ಮಾತ್ರ ದಡದಲ್ಲೇ ಉಳಿದರು. ಅಂಚಿನಲ್ಲಿ ಪೆನ್ಸಿಲ್ಲಿನಿಂದ ‘ನಾಚಿಕೆ?’ ಎಂದು ಬರೆದೆ. ಪ್ರಶ್ನಾರ್ಥಕ ಚಿಹ್ನೆ ಬೇಕೇಬೇಕು. ಅವರಿಗೆ ಆ ವರ್ಷ ಹರಕೆಯೇ ಇರಲಿಲ್ಲವೋ ಏನೋ. ತಲೆಯ ಮೇಲೆ ಸೆರಗು ಹೊದ್ದ ಪರ ಊರಿನ ಸಾಬರ ಹೆಂಗಸು ಎದುರಿಗೆ ಕೂತು ಇಂಥದ್ದನ್ನು ಕೇಳಿದರೆ ಯಾರಾದರೂ ಒಂದು ಹೆಜ್ಜೆ ಹಿಂದೆ ಸರಿದೇ ಉತ್ತರಿಸಿಯಾರು. “ತೀರಿಸ್ಬೇಕಲ್ಲ” ಎಂಬ ‘ಅಲ್ಲ’ ನನ್ನಿಂದ ಒಪ್ಪಿಗೆ ಬೇಡುತ್ತಿತ್ತೇನೋ. ನಾನು ಸುಮ್ಮನಿದ್ದೆ, ಆ ಮೌನವನ್ನು ಹಾಳೆಯಲ್ಲಿ ಬರೆದಿರಲೂ ಇಲ್ಲ.

ಮರುವರ್ಷ ಮತ್ತೆ ಹೋದೆ. ಈ ಸಲ ಬಲವಂತದ ಮಾತೆತ್ತಲಿಲ್ಲ. “ಹೊಳೆ ಹತ್ತಿರ ನೀವೇನು ಮಾಡ್ತಿದ್ರಿ ಅಜ್ಜಿ?” ಎಂದಷ್ಟೇ ಕೇಳಿದೆ. ಟೇಪಿನಲ್ಲಿ ಬಹಳ ಹೊತ್ತು ಕೋಳಿಗಳ ಸದ್ದು ಮಾತ್ರ ಇದೆ. ಆಮೇಲೆ, “ಸೀರೆ ಹಿಡ್ಕೊಂಡು ನಿಂತಿದ್ದೆ ತಂಗಿ.” ‘ಹೂಂ’ ಇಲ್ಲ, ‘ಅಂತೆ’ ಇಲ್ಲ, ‘ನಾವು’ ಕೂಡ ಇಲ್ಲ.

ಯಾರ ಸೀರೆ ಎಂದು ನಾನು ಕೇಳಲಿಲ್ಲ. ಹಾಳೆಯ ಅಂಚಿನಲ್ಲಿ ಆ ಸಾಲಿನ ಎದುರು ಏನೂ ಬರೆದಿಲ್ಲ.