ಕವರಿನ ಜೊತೆಗೆ ಹೋದ ಖಾತೆ

ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಿದ್ದ ದಿನಗಳಲ್ಲಿ ತಾಮ್ರದ ತಂತಿಯ ಸುರುಳಿಯೊಳಗೆ ದಂಡಕಾಂತವನ್ನು ತೂರಿಸಿ, ಗ್ಯಾಲ್ವನೋಮೀಟರಿನ ಮುಳ್ಳು ಅಲುಗುವುದನ್ನು ಮಕ್ಕಳಿಗೆ ತೋರಿಸುತ್ತಿದ್ದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ಆ ವಿದ್ಯುತ್ಕಾಂತೀಯ ಪ್ರೇರಣೆಯೇ ಮುಂದೊಂದು ದಿನ ನನ್ನ ಔಷಧದ ಬಿಲ್ಲನ್ನು ತೀರಿಸೀತೆಂದು ಆಗ ಎಣಿಸಿರಲಿಲ್ಲ.

ಬೆರಳಿನ ಗಂಟುಗಳು ಊದಿಕೊಂಡ ಮೇಲೆ ಪರ್ಸಿನಿಂದ ಬ್ಯಾಂಕ್ ಕಾರ್ಡನ್ನು ಎಳೆದು ತೆಗೆಯುವುದೇ ನನಗೆ ಪ್ರಯಾಸವಾಗಿತ್ತು. ಅದನ್ನು ಗಮನಿಸಿದ ಮಗಳು ನನ್ನ ಬ್ಯಾಂಕಿನಿಂದ ಅಂಚೆಚೀಟಿಗಿಂತ ತುಸು ದೊಡ್ಡದಾದ ಒಂದು ಸ್ಟಿಕ್ಕರನ್ನು ತರಿಸಿ, ಮೊಬೈಲಿನ ಕವರಿನ ಹಿಂಬದಿಗೆ ಅಂಟಿಸಿಕೊಟ್ಟಳು. ಅವಳ ಬೆರಳಿನಲ್ಲಿ ಅಂಥದೇ ಕೆಲಸ ಮಾಡುವ ಪಿಂಗಾಣಿಯ ಉಂಗುರವಿದೆ. ಅಳಿಯನ ಮಣಿಕಟ್ಟಿನಲ್ಲಿ ರಬ್ಬರಿನ ಪಟ್ಟಿ.

ಮೂರರ ಒಳಗೂ ಇರುವುದು ಒಂದು ಸಣ್ಣ ಚಿಪ್ಪು ಮತ್ತು ತಂತಿಯ ಸುರುಳಿ. ಬ್ಯಾಟರಿ ಇಲ್ಲ. ಅಂಗಡಿಯ ಯಂತ್ರವು ಸೆಕೆಂಡಿಗೆ 1 ಕೋಟಿ 35 ಲಕ್ಷ 60 ಸಾವಿರ ಬಾರಿ ಆವರ್ತಿಸುವ ಕಾಂತಕ್ಷೇತ್ರವನ್ನು ಹೊಮ್ಮಿಸುತ್ತಿರುತ್ತದೆ. ಸುರುಳಿಯನ್ನು ಅದರಿಂದ ಸುಮಾರು 4 ಸೆಂಟಿಮೀಟರಿನೊಳಗೆ ತಂದರೆ ಅದರಲ್ಲಿ ವಿದ್ಯುತ್ ಪ್ರೇರಿತವಾಗಿ ಚಿಪ್ಪು ಎಚ್ಚರಗೊಳ್ಳುತ್ತದೆ. ಉಂಗುರದ ಸುರುಳಿ ಬಹಳ ಚಿಕ್ಕದಾದ್ದರಿಂದ ಕೈಯನ್ನು ಸುಮ್ಮನೆ ಬೀಸಿದರೆ ಸಾಲದು. ಮುಷ್ಟಿ ಹಿಡಿದು ಯಂತ್ರದ ಚಿಹ್ನೆಯ ಮೇಲೆ ಕ್ಷಣಕಾಲ ನಿಲ್ಲಿಸಬೇಕು. ಲೋಹವು ಕಾಂತಕ್ಷೇತ್ರವನ್ನು ಕುಗ್ಗಿಸುವುದರಿಂದಲೇ ಅವಳ ಉಂಗುರಕ್ಕೆ ಪಿಂಗಾಣಿ. ಮೊಬೈಲಿಗೆ ಅಂಟಿಸುವ ಸ್ಟಿಕ್ಕರಿನ ಅಡಿಯಲ್ಲಿ ಫೆರೈಟಿನ ತೆಳುಪದರ ಇಟ್ಟಿರುವುದೂ ಫೋನಿನೊಳಗಿನ ಲೋಹ ಅಡ್ಡಿಯಾಗದಿರಲೆಂದೇ.

ಎಚ್ಚರಗೊಂಡ ಚಿಪ್ಪು ನನ್ನ ಕಾರ್ಡಿನ ಸಂಖ್ಯೆಯನ್ನು ಹೇಳುವುದಿಲ್ಲ. ಸ್ಟಿಕ್ಕರಿಗೆಂದು ಬ್ಯಾಂಕು ಕೊಟ್ಟ ಬೇರೆಯೇ ಸಂಖ್ಯೆಯನ್ನು ಹೇಳುತ್ತದೆ. ಜೊತೆಗೆ ತನ್ನೊಳಗಿನ ಗುಪ್ತ ಕೀಲಿಯಿಂದ ಆ ಒಂದು ವ್ಯವಹಾರಕ್ಕಷ್ಟೇ ಸಲ್ಲುವ ಸಂಕೇತವೊಂದನ್ನು ಲೆಕ್ಕ ಹಾಕಿ ಕೊಡುತ್ತದೆ. ಯಾರಾದರೂ ಅದನ್ನು ಕದ್ದು ಕೇಳಿ ಮತ್ತೆ ಬಳಸಲು ಹೋದರೆ ಬ್ಯಾಂಕು ನಿರಾಕರಿಸುತ್ತದೆ. ಇಷ್ಟನ್ನು ತಿಳಿದು ನಾನು ನಿಶ್ಚಿಂತನಾಗಿದ್ದೆ. ನಾನು ತಪ್ಪಿದ್ದು ಬೇರೊಂದು ಕಡೆ.

ಕಳೆದ ಶ್ರಾವಣದಲ್ಲಿ ಮೊಬೈಲಿನ ಕವರು ಹರಿಯಿತು. ಅಂಗಡಿಯ ಹುಡುಗ ಹೊಸದನ್ನು ಹಾಕಿ, ಹಳೆಯದನ್ನು ಕಸದ ಬುಟ್ಟಿಗೆ ಎಸೆದ. ಎರಡು ದಿನಗಳ ನಂತರ ಔಷಧದಂಗಡಿಯಲ್ಲಿ ಎಂದಿನಂತೆ ಮೊಬೈಲನ್ನು ಯಂತ್ರಕ್ಕೆ ಮುಟ್ಟಿಸಿದೆ. ಸದ್ದಿಲ್ಲ. ಮತ್ತೊಮ್ಮೆ ಮುಟ್ಟಿಸಿದೆ. “ಸಾರ್, ನಿಮ್ಮ ಸ್ಟಿಕ್ಕರ್ ಎಲ್ಲಿ?” ಎಂದು ಅಂಗಡಿಯವನು ಕೇಳಿದಾಗ ಎದೆ ಧಸಕ್ಕೆಂದಿತು.

ಅಷ್ಟು ದಿನವೂ ಹಣ ಕೊಡುತ್ತಿರುವುದು ನನ್ನ ಫೋನು, ಅದಕ್ಕೆ ಬೆರಳಚ್ಚಿನ ಬೀಗವಿದೆ ಎಂದೇ ನಾನು ಭಾವಿಸಿದ್ದೆ. ನಿಜವೇನೆಂದರೆ ಫೋನಿಗೂ ಸ್ಟಿಕ್ಕರಿಗೂ ಅಂಟಿನ ಸಂಬಂಧವೊಂದೇ. ಫೋನು ಆರಿಹೋಗಿದ್ದರೂ ಸ್ಟಿಕ್ಕರು ಹಣ ಕೊಡುತ್ತದೆ. ಕಸದ ಬುಟ್ಟಿಯಲ್ಲಿದ್ದರೂ ಅದು ಸಜೀವವೇ. ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಜನವರಿಯಿಂದ ಹೀಗೆ ಮುಟ್ಟಿಸಿ ಕೊಡುವ 5,000 ರೂಪಾಯಿವರೆಗಿನ ಪಾವತಿಗೆ ಪಿನ್ ಬೇಕಿಲ್ಲ. ಆ ಕವರನ್ನು ಎತ್ತಿಕೊಂಡವನಿಗೆ ನನ್ನ ಹೆಸರೂ ತಿಳಿದಿರಬೇಕಾಗಿರಲಿಲ್ಲ.

ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಮಗಳಿಗೆ ಫೋನು ಮಾಡಿದೆ. “ಅಪ್ಪಾ, ಮೊದಲು ಅದನ್ನು ನಿಲ್ಲಿಸೋಣ, ಆಮೇಲೆ ಹುಡುಕೋಣ” ಎಂದಳು. ಅವಳು ಹೇಳಿದಂತೆ ಬ್ಯಾಂಕಿನ ಆ್ಯಪ್ ತೆರೆದು ನೋಡಿದರೆ ಕಾರ್ಡು ಒಂದು ಸಾಲಿನಲ್ಲಿ, ಸ್ಟಿಕ್ಕರು ಇನ್ನೊಂದು ಸಾಲಿನಲ್ಲಿ ಇದ್ದವು. ಸ್ಟಿಕ್ಕರನ್ನು ಮಾತ್ರ ಬ್ಲಾಕ್ ಮಾಡಿದೆ. ಸಂಖ್ಯೆ ಬೇರೆಯಾಗಿದ್ದುದರಿಂದ ಕಾರ್ಡಿಗೆ ಏನೂ ಆಗಲಿಲ್ಲ. ಅದರಿಂದಲೇ ಔಷಧದ ಹಣ ಕೊಟ್ಟು ಬಂದೆ. ಆ ಎರಡು ದಿನಗಳ ಲೆಕ್ಕ ನೋಡಿದಾಗ ಒಂದು ರೂಪಾಯಿಯೂ ಹೋಗಿರಲಿಲ್ಲ. ಕಸದ ಬುಟ್ಟಿ ಆಗಲೇ ಖಾಲಿಯಾಗಿತ್ತು.

ಮಗಳು ಈ ಬಾರಿ ಉಂಗುರ ಕೊಡಿಸುತ್ತೇನೆಂದಳು. ಈ ಊದಿದ ಬೆರಳಿಗೆ ತೊಟ್ಟರೆ ತೆಗೆಯಲು ಅಕ್ಕಸಾಲಿಗನೇ ಬರಬೇಕಾದೀತೆಂದು ಒಲ್ಲೆನೆಂದೆ. ಹೊಸ ಸ್ಟಿಕ್ಕರಿಗೆ ಆ್ಯಪ್‌ನಲ್ಲಿ 1,000 ರೂಪಾಯಿಯ ಮಿತಿ ಹಾಕಿದ್ದೇನೆ. ನನ್ನ ಮಾತ್ರೆಗಳಿಗೆ ಅಷ್ಟು ಸಾಕು. ಅವಧಿ ಮುಗಿದಾಗ ಅದನ್ನು ಬ್ಲಾಕ್ ಮಾಡಿ, ಚಿಪ್ಪಿನ ನಡುವೆ ಕತ್ತರಿಸಿಯೇ ಎಸೆಯಬೇಕೆಂದು ನನ್ನಾಕೆಗೂ ಹೇಳಿಟ್ಟಿದ್ದೇನೆ.

ಈಗ ಅದು ಇರುವುದು ನನ್ನ ಕನ್ನಡಕದ ಪ್ಲಾಸ್ಟಿಕ್ ಡಬ್ಬಿಯ ಮೇಲೆ. ಆ ಡಬ್ಬಿಯನ್ನು ನಾನು ಹದಿನಾಲ್ಕು ವರ್ಷಗಳಿಂದ ಬದಲಿಸಿಲ್ಲ.