ಅಕ್ಕನ ಸುಳಿವು, ತಮ್ಮನ ಕೈ

ಕಳೆದ ಬೇಸಿಗೆಯ ರಜೆಗೆ ಮೊಮ್ಮಕ್ಕಳಿಬ್ಬರು ತುರುವೇಕೆರೆ ಕಡೆಯ ನಮ್ಮ ತೋಟದ ಮನೆಗೆ ಬಂದಿದ್ದರು. ಅಕ್ಕನಿಗೆ 16 ವರ್ಷ, ತಮ್ಮನಿಗೆ 9. ಹಜಾರದಲ್ಲಿ ಚೌಕಾಬಾರ ಹಾಕಿದರೆ ಇಬ್ಬರೂ ಸರಿಸಮನಾಗಿ ಆಡುತ್ತಿದ್ದರು. ಕವಡೆಗೆ ಹಿರಿಯರು ಕಿರಿಯರೆಂಬ ಭೇದವಿಲ್ಲವಷ್ಟೆ. ಆದರೆ ಸೋತವನು ಅಳುವುದು ತಪ್ಪಲಿಲ್ಲ. ಆದುದರಿಂದ ಇಬ್ಬರೂ ಒಂದೇ ಪಕ್ಷವಾಗಿ, ಗೆದ್ದರೂ ಸೋತರೂ ಜೊತೆಯಾಗಿಯೇ ಆಡುವ ಆಟವೊಂದನ್ನು ಅವರ ತಂದೆ ಬೆಂಗಳೂರಿನಿಂದ ತಂದರು.

ಅದು ಮ್ಯಾಟ್ ಲೀಕಾಕ್ ಎಂಬವರು ರೂಪಿಸಿ 2010ರಲ್ಲಿ ಹೊರಬಂದ 'ಫರ್ಬಿಡನ್ ಐಲ್ಯಾಂಡ್'. 24 ಬಿಲ್ಲೆಗಳಿಂದಾದ ದ್ವೀಪವೊಂದು ಮುಳುಗುತ್ತಿರುತ್ತದೆ. 4 ನಿಧಿಗಳನ್ನು ಸಂಗ್ರಹಿಸಿ ಎಲ್ಲರೂ ಪಾರಾಗಬೇಕು. ಎರಡು ಆಟ ಕಳೆಯುವಷ್ಟರಲ್ಲಿ ನಾವು ಒಂದು ಸಂಗತಿಯನ್ನು ಗಮನಿಸಿದೆವು. "ನೀನು ಅಲ್ಲಿಗೆ ಹೋಗು, ಆ ಎಲೆ ನನಗೆ ಕೊಡು" ಎಂದು ಅಕ್ಕ ಹೇಳುವಳು. ತಮ್ಮ ಹಾಗೆಯೇ ಮಾಡುವನು. ಎರಡೂ ಸಲ ಗೆದ್ದರು. ಮೂರನೆಯ ಆಟಕ್ಕೆ ಕರೆದಾಗ ಹುಡುಗ, "ಅಕ್ಕ ಒಬ್ಬಳೇ ಆಡಲಿ ತಾತ" ಎಂದು ಕೊಬ್ಬರಿ ಅಟ್ಟದ ಏಣಿ ಹತ್ತಿ ಕುಳಿತನು.

ತಪ್ಪು ಅಕ್ಕನದೆಂದು ಗದರುವುದು ಸುಲಭವಾಗಿತ್ತು. ಆದರೆ ಆ ಆಟದಲ್ಲಿ ಎಲ್ಲರ ಎಲೆಗಳೂ ಎಲ್ಲರಿಗೂ ಕಾಣುವಂತೆ ತೆರೆದಿರುತ್ತವೆ. ಎಲ್ಲವೂ ಕಾಣುವಾಗ ಹೆಚ್ಚು ಬಲ್ಲವರು ಇಬ್ಬರ ಆಟವನ್ನೂ ತಾವೇ ಯೋಚಿಸಿಬಿಡುವುದು ಸಹಜ. ಆದಕಾರಣ ಬಲ್ಲವರಿಗೆ ತಿಳಿಯದ ಏನಾದರೊಂದು ಕಿರಿಯರ ಬಳಿ ಇರುವ ಆಟವನ್ನೇ ಆರಿಸಬೇಕೆಂದು ನಮಗೆ ಹೊಳೆಯಿತು.

ಅಂತಹುದು 'ಹನಾಬಿ'. ಜಪಾನಿ ಭಾಷೆಯಲ್ಲಿ ಬಾಣಬಿರುಸು ಎಂದರ್ಥ. ಫ್ರಾನ್ಸಿನ ಆಂಟ್ವಾನ್ ಬೋಜಾ ಎಂಬವರ ಈ ಆಟಕ್ಕೆ 2013ರಲ್ಲಿ ಜರ್ಮನಿಯ 'ವರ್ಷದ ಆಟ' ಪ್ರಶಸ್ತಿ ದೊರೆಯಿತು. 5 ಬಣ್ಣಗಳ 50 ಎಲೆಗಳು. ಪ್ರತಿ ಬಣ್ಣದಲ್ಲೂ 1ರಿಂದ 5ರವರೆಗೆ ಕ್ರಮವಾಗಿ ಎಲೆ ಇಡಬೇಕು. ಇಬ್ಬರು ಆಡುವಾಗ ಒಬ್ಬೊಬ್ಬರಿಗೆ 5 ಎಲೆಗಳು. ಆದರೆ ತಮ್ಮ ಎಲೆಗಳ ಮುಖವನ್ನು ತಾವು ನೋಡುವಂತಿಲ್ಲ, ಎದುರಿನವರಿಗೆ ತೋರಿಸಿಕೊಂಡು ಹಿಡಿಯಬೇಕು. ಸರದಿ ಬಂದಾಗ ಒಂದು ಬಣ್ಣವನ್ನಾಗಲಿ ಒಂದು ಅಂಕಿಯನ್ನಾಗಲಿ ಹೇಳಿ, ಎದುರಿನವರ ಕೈಯಲ್ಲಿರುವ ಅಂತಹ ಎಲೆಗಳನ್ನೆಲ್ಲ ಬೆರಳಿಟ್ಟು ತೋರಿಸಬಹುದು. ಇಂತಹ ಸುಳಿವುಗಳಿಗೆ 8 ಬಿಲ್ಲೆಗಳು ಮಾತ್ರ. ಒಂದು ಎಲೆಯನ್ನು ಬಿಸುಟರೆ ಒಂದು ಬಿಲ್ಲೆ ಮರಳುತ್ತದೆ. ಮೂರು ಸಲ ತಪ್ಪು ಎಲೆ ಇಟ್ಟರೆ ಆಟ ಮುಗಿಯಿತು.

ಮೊದಲ ದಿನ ಕಣದಲ್ಲಿ ಕೆಂಪು 2ರವರೆಗೆ, ನೀಲಿ 1ರವರೆಗೆ ಬಂದಿತ್ತು. ಉಳಿದ ಬಣ್ಣಗಳು ಇನ್ನೂ ಆರಂಭವಾಗಿರಲಿಲ್ಲ. ತಮ್ಮನ ಕೈಯಲ್ಲಿ ಬೇಕಾದ ಕೆಂಪು 3 ಇತ್ತು, ಬೇಡದ ಕೆಂಪು 1 ಕೂಡ ಇತ್ತು. ಅಕ್ಕ "ಕೆಂಪು" ಎಂದು ಎರಡನ್ನೂ ತೋರಿಸಿದಳು. ಹುಡುಗ ಕೆಂಪು 1 ಅನ್ನು ಇಟ್ಟು ಒಂದು ತಪ್ಪು ಕಟ್ಟಿದನು. ಅವಳು ರೇಗಿದಳು. ಆಗ ನಾವು, "ಇದು ಕೇಳಿದವನ ತಪ್ಪಲ್ಲ ಮಗಳೇ, ಹೇಳಿದವರದು. 'ಮೂರು' ಎಂದಿದ್ದರೆ ಒಂದೇ ಎಲೆಗೆ ಬೆರಳು ಹೋಗುತ್ತಿತ್ತು" ಎಂದೆವು.

ಮಾರನೆಯ ದಿನ ಹಸಿರು ಬಣ್ಣದಲ್ಲಿ ಅಂತಹುದೇ ಪ್ರಸಂಗ ಬಂದಿತು. ಈ ಸಲ ಅವಳು "ಮೂರು" ಎಂದಳು. ಹುಡುಗ ಸ್ವಲ್ಪ ಹೊತ್ತು ಕಣವನ್ನೇ ನೋಡಿದನು. "ಎರಡರವರೆಗೆ ಬಂದಿರೋದು ಹಸಿರು ಒಂದೇ. ಬೇರೆ ಬಣ್ಣದ ಮೂರಾದರೆ ಅಕ್ಕ ಈಗ ಯಾಕೆ ಹೇಳ್ತಾಳೆ?" ಎಂದು ತನ್ನಷ್ಟಕ್ಕೆ ಗೊಣಗಿ ಎಲೆ ಇಟ್ಟನು. ಅದು ಹಸಿರು 3 ಆಗಿತ್ತು. ಅಕ್ಕನ ಜಾಣತನವೆಲ್ಲ ತಮ್ಮನಿಗೆ ಅರ್ಥವಾಗುವ ಸುಳಿವನ್ನು ಹುಡುಕುವುದಕ್ಕೆ ವ್ಯಯವಾಗಿತ್ತು. ತೀರ್ಮಾನ ಮಾತ್ರ ಅವನದೇ.

ಈ ಆಟವೂ ಕೆಡುವುದುಂಟು. ಹುಡುಗನ ಕೈ ತಪ್ಪು ಎಲೆಯತ್ತ ಹೋದಾಗ ಅಕ್ಕ ನಿಟ್ಟುಸಿರು ಬಿಟ್ಟರೆ ಅದೂ ಅಪ್ಪಣೆಯೇ. ಅವನು ಎಲೆಯ ಬದಲು ಅವಳ ಮುಖ ನೋಡತೊಡಗಿದನೆಂದರೆ ಆಟ ಹಳೆಯ ದಾರಿ ಹಿಡಿಯಿತೆಂದು ತಿಳಿಯಬೇಕು. ಕೇಳಿದ ಸುಳಿವುಗಳನ್ನು ನೆನಪಿಟ್ಟುಕೊಳ್ಳುವುದೂ ಚಿಕ್ಕವರಿಗೆ ಭಾರ. ಆದ್ದರಿಂದ ನಾವು ಒಂದು ಬಣ್ಣವನ್ನು ತೆಗೆದಿಟ್ಟು ನಾಲ್ಕರಲ್ಲೇ ಆಡಿಸಿದೆವು. ಸುಳಿವು ಸಿಕ್ಕ ಎಲೆಯನ್ನು ಅಡ್ಡಲಾಗಿ ಹಿಡಿಯಲು ಹೇಳಿದೆವು.

ರಾತ್ರಿ ಮಗ ಸೊಸೆಯರೂ ಆಡಲು ಕುಳಿತರು. ಮಗ ಚದುರಂಗದಲ್ಲಿ ಪಳಗಿದವನು, ಸೊಸೆಗೆ ಆಟಗಳ ರೂಢಿಯಿಲ್ಲ. ಎರಡನೆಯ ಸುಳಿವಿಗೇ ಅವನು ನಿಟ್ಟುಸಿರು ಬಿಟ್ಟನು. "ಅಪ್ಪಾ, ಅದು ಮೋಸ!" ಎಂದು ಅಟ್ಟದ ಏಣಿಯ ಮೇಲಿಂದ ದನಿ ಬಂದಿತು.