18 ಹೆಚ್ಚೋ, 33 ಹೆಚ್ಚೋ?

ಗಣಿತದ ಕಿರುಪರೀಕ್ಷೆಯಲ್ಲಿ ನನಗೆ 25ಕ್ಕೆ 18 ಅಂಕ ಬಂದಿತ್ತು. ಆಮೇಲೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ 50ಕ್ಕೆ 33 ಬಂತು. ನಮ್ಮಪ್ಪನಿಗೆ ಬಹಳ ಖುಷಿಯಾಯಿತು. "ಹದ್ನೆಂಟರಿಂದ ಮೂವತ್ಮೂರಕ್ಕೆ ಬಂದವ್ನೆ ನಮ್ ಹುಡ್ಗ" ಎಂದು ಪಕ್ಕದ ಮನೆಯವರಿಗೂ ಹೇಳಿದರು. ಹೊಸ ಚಪ್ಪಲಿ ಕೊಡಿಸುತ್ತೇನೆ ಅಂದರು. ನಾನೂ ಹಿಗ್ಗಿದೆ.

ಮಾರನೇ ವಾರ ಮೇಷ್ಟ್ರು ಶೇಕಡಾ ಲೆಕ್ಕ ಹೇಳಿಕೊಟ್ಟರು. ಪರೀಕ್ಷೆ ನೂರು ಅಂಕದ್ದಾಗಿದ್ದರೆ ನಮಗೆ ಎಷ್ಟು ಬರುತ್ತಿತ್ತು ಎನ್ನುವುದೇ ಶೇಕಡಾ. ಬಂದ ಅಂಕವನ್ನು ಒಟ್ಟು ಅಂಕದಿಂದ ಭಾಗಿಸಿ 100ರಿಂದ ಗುಣಿಸಬೇಕು. ನಾನು ಮೊದಲು ಉಲ್ಟಾ ಮಾಡಿದೆ. 25ನ್ನು 18ರಿಂದ ಭಾಗಿಸಿಬಿಟ್ಟೆ. 138 ಚಿಲ್ಲರೆ ಬಂತು! ಒಟ್ಟು ಅಂಕಕ್ಕಿಂತ ಜಾಸ್ತಿ ಯಾರಿಗಾದರೂ ಬರುತ್ತದೆಯೇ? ಅಂಕದ ಲೆಕ್ಕದಲ್ಲಿ ಉತ್ತರ ನೂರು ದಾಟಿದರೆ ತಲೆಕೆಳಗಾಗಿದೆ ಎಂದೇ ಅರ್ಥ.

ಸರಿಯಾಗಿ ಮಾಡಿದೆ.
18 ÷ 25 × 100 = 72
33 ÷ 50 × 100 = 66

ನನ್ನ ಎದೆ ಧಸಕ್ಕೆಂದಿತು. ಅಂಕ ಏರಿದೆ, ಆದರೆ ನೂರಕ್ಕೆ ಆರು ಇಳಿದಿದ್ದೇನೆ. ಮನೆಯಲ್ಲಿ ಹೇಳಲಿಲ್ಲ. ಚಪ್ಪಲಿ ಆಸೆ.

ಆ ಭಾನುವಾರ ಅಟ್ಟದಿಂದ ಕಾಯಿ ಇಳಿಸಿ ಸುಲಿಸಿ ಒಡೆಸುತ್ತಿದ್ದರು. ತಿಪಟೂರು ಮಾರ್ಕೆಟ್ಟಿಗೆ ಕೊಬ್ಬರಿ ಹಾಕಬೇಕಿತ್ತು. ಕೆಟ್ಟವನ್ನು ಬೇರೆ ಗುಡ್ಡೆ ಮಾಡಿದ್ದರು. ಅಪ್ಪ ಎಣಿಸಿ, "ಹೋದ್ವರ್ಷ ಮೂವತ್ತು ಕೆಟ್ಟಿದ್ವು, ಈ ಸಲ ನಲವತ್ತೈದು. ಅಟ್ಟಾನೇ ಸರಿ ಇಲ್ಲ" ಎಂದು ಬೇಜಾರು ಮಾಡಿಕೊಂಡರು.

"ಒಟ್ಟು ಎಷ್ಟು ಕಾಯಿ ಹಾಕಿದ್ರಿ ಅಪ್ಪಾ?" ಅಂದೆ. ಹೋದ ವರ್ಷ 400, ಈ ವರ್ಷ 750. ನೆಲದ ಮೇಲೆ ಇದ್ದಲಿನಿಂದ ಬರೆದೆ.
30 ÷ 400 × 100 = 7.5
45 ÷ 750 × 100 = 6

"ನೂರು ಕಾಯಿಗೆ ಹೋದ್ವರ್ಷ ಏಳೂವರೆ ಕೆಟ್ಟಿದ್ವು. ಈ ವರ್ಷ ಆರೇ. ಕಾಯಿ ಜಾಸ್ತಿ ಹಾಕಿದ್ದಕ್ಕೆ ಗುಡ್ಡೆ ದೊಡ್ಡದಾಗಿ ಕಾಣ್ತದೆ. ಅಟ್ಟ ಚೆನ್ನಾಗೇ ಐತೆ" ಅಂದೆ.

ಅಪ್ಪ ಅದನ್ನೇ ನೋಡುತ್ತಾ ನಿಂತರು. ಆಮೇಲೆ ನನ್ನ ಕಡೆ ತಿರುಗಿ, "ಹಂಗಾದ್ರೆ ನಿನ್ ಮಾರ್ಕ್ಸ್‌ನೂ ಹಿಂಗೇ ನೋಡ್ಬೇಕಲ್ವೇನ್ಲಾ?" ಅಂದರು.

ನನಗೆ ಮಾತು ಹೊರಡಲಿಲ್ಲ. ಇದ್ದಲು ಕೈಯಲ್ಲೇ ಇತ್ತು. ಕೊಬ್ಬರಿ ಲೆಕ್ಕದ ಕೆಳಗೆ 72, 66 ಎಂದು ಬರೆದೆ. ಅಪ್ಪ ಬೈಯಲಿಲ್ಲ. "ಕೊಬ್ಬರಿ ಲೆಕ್ಕ ಹೇಳಿದ ಬಾಯಲ್ಲಿ ಇದ್ನೂ ಮೊದ್ಲೇ ಹೇಳ್ಬೋದಿತ್ತು. ಚಪ್ಪಲಿ ಎಪ್ಪತ್ತೆರಡು ದಾಟಿದ್ಮೇಲೆ" ಅಂದರು.

ವಾರ್ಷಿಕ ಪರೀಕ್ಷೆ 100 ಅಂಕದ್ದು. ಅದಕ್ಕೆ ಶೇಕಡಾ ಹಾಕುವ ಕೆಲಸವೇ ಇಲ್ಲ. ನನಗೆ 73 ಬೇಕು.

- 7ನೇ ತರಗತಿ ವಿದ್ಯಾರ್ಥಿ